ಆ ಎರಡು ಸಾವಿರ ಯಾರದು?

ಫಸ್ಟ್ ಪಿಯುಸಿಗೆ ಕಾಮರ್ಸ್ ತೆಗೆದುಕೊಂಡ ಮೊದಲ ತಿಂಗಳು ನನ್ನನ್ನು ಎರಡೇ ಎರಡು ಪದ ಕಾಡಿದವು. ಡೆಬಿಟ್ ಮತ್ತು ಕ್ರೆಡಿಟ್.

ಮೇಡಂ ಮೂರು ನಿಯಮ ಬರೆಸಿದ್ದರು. ವೈಯಕ್ತಿಕ ಖಾತೆಯಾದರೆ ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ವಾಸ್ತವಿಕ ಖಾತೆಯಾದರೆ ಒಳಗೆ ಬಂದದ್ದಕ್ಕೆ ಡೆಬಿಟ್, ಹೊರಗೆ ಹೋದದ್ದಕ್ಕೆ ಕ್ರೆಡಿಟ್. ನಾಮಮಾತ್ರ ಖಾತೆಯಾದರೆ ಖರ್ಚು, ನಷ್ಟಕ್ಕೆ ಡೆಬಿಟ್, ಆದಾಯ, ಲಾಭಕ್ಕೆ ಕ್ರೆಡಿಟ್. ಮೂರೂ ಬಾಯಿಪಾಠ ಆಗಿತ್ತು. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ಒಂದು ಲೆಕ್ಕ ಕೊಟ್ಟರೆ ಯಾವುದನ್ನು ಎಲ್ಲಿ ಬರೆಯಬೇಕು ಅಂತ ಕೈ ನಿಂತುಬಿಡುತ್ತಿತ್ತು.

ಗೊಂದಲ ಜಾಸ್ತಿ ಮಾಡಿದ್ದು ಅಮ್ಮನ ಫೋನಿಗೆ ಬರುವ ಬ್ಯಾಂಕ್ ಮೆಸೇಜು. ದುಡ್ಡು ಬಂದರೆ ಕ್ರೆಡಿಟ್ ಆಗಿದೆ ಅಂತ ಬರುತ್ತೆ, ಹೋದರೆ ಡೆಬಿಟ್ ಆಗಿದೆ ಅಂತ. ಹಾಗಾಗಿ ನನ್ನ ತಲೆಯಲ್ಲಿ ಕ್ರೆಡಿಟ್ ಅಂದರೆ ಬಂತು, ಡೆಬಿಟ್ ಅಂದರೆ ಹೋಯ್ತು ಅಂತ ಕೂತಿತ್ತು. ತರಗತಿಯಲ್ಲಿ ಅದು ಪೂರ್ತಿ ಉಲ್ಟಾ. ಬ್ಯಾಂಕಿಗೆ ದುಡ್ಡು ಕಟ್ಟಿದರೆ ಬ್ಯಾಂಕ್ ಖಾತೆಗೆ ಡೆಬಿಟ್ ಅನ್ನುತ್ತಿದ್ದರು. ಹಾಗಾದರೆ ಬ್ಯಾಂಕಿನವರು ತಪ್ಪು ಬರೀತಾರಾ, ಇಲ್ಲ ಪುಸ್ತಕ ತಪ್ಪಾ?

ಇದನ್ನು ಬಿಡಿಸಿಕೊಟ್ಟವರು ನಮ್ಮ ದೊಡ್ಡಪ್ಪ. ಅವರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಬಹಳ ವರ್ಷ ಗುಮಾಸ್ತರಾಗಿದ್ದವರು. ಡೆಬಿಟ್, ಕ್ರೆಡಿಟ್ ಪದಗಳನ್ನು ಅವರು ಬಳಸುವುದೇ ಇಲ್ಲ. ಅವರದು ಕಿರ್ದಿ, ಖಾತೆ, ಜಮೆ, ಖರ್ಚು, ಶಿಲ್ಕು. ಒಂದು ಭಾನುವಾರ ನಾನು ನೋಟ್‌ಬುಕ್ ಮುಂದಿಟ್ಟುಕೊಂಡು ಕೂತಿದ್ದಾಗ ಪಕ್ಕದಲ್ಲಿ ಬಂದು ಕೂತರು.

"ದೊಡ್ಡಪ್ಪ, ದುಡ್ಡು ಬಂದ್ರೆ ನೀವು ಜಮೆ ಅಂತೀರಲ್ವಾ? ನಮ್ಮ ಪುಸ್ತಕದಲ್ಲಿ ನಗದಿಗೆ ಡೆಬಿಟ್ ಅಂತ ಕೊಟ್ಟವ್ರೆ" ಅಂದೆ.

"ಯಾರ ಹೆಸರಿಗೆ ಜಮೆ ಅಂತ ಕೇಳು ಮಗಳೇ" ಅಂದರು. "ಒಬ್ಬ ರೈತ ನೂರು ರೂಪಾಯಿ ತಂದು ಕೊಟ್ಟ ಅನ್ಕೋ. ಅವನ ಹೆಸರಿಗೆ ನೂರು ಜಮೆ. ಯಾಕಂದ್ರೆ ಅವನು ಕೊಟ್ಟ. ಹಂಗಂತ ಆ ನೂರು ರೂಪಾಯಿ ಎಲ್ಲಿ ಹೋಯ್ತು? ಪೆಟ್ಟಿಗೆಗೆ ಹೋಯ್ತು. ಪೆಟ್ಟಿಗೇನೂ ಒಬ್ಬ ಆಳು ಅಂತ ತಿಳ್ಕೋ. ಅವನ ಕೈಗೆ ನೂರು ಕೊಟ್ಟಿದೀಯ. ನಾಳೆ ಅವನು ಅದಕ್ಕೆ ಲೆಕ್ಕ ಹೇಳ್ಬೇಕು."

ಪೆಟ್ಟಿಗೆಯೂ ಒಬ್ಬ ಆಳು. ಈ ಒಂದು ಮಾತಿನಿಂದ ಎಲ್ಲ ಬಿಡಿಸಿಕೊಂಡಿತು. ಪ್ರತಿ ಖಾತೆಯೂ ಒಬ್ಬ ಮನುಷ್ಯ ಅಂದುಕೊಳ್ಳಬೇಕು. ಪಡೆದವನ ಹೆಸರಿನ ಎಡಗಡೆ ಬರೆಯಬೇಕು, ಅದು ಡೆಬಿಟ್. ಕೊಟ್ಟವನ ಹೆಸರಿನ ಬಲಗಡೆ ಬರೆಯಬೇಕು, ಅದು ಕ್ರೆಡಿಟ್. ಕೊಡುವವನಿಲ್ಲದೆ ಪಡೆಯುವವನು ಇರಲ್ಲ. ಅದಕ್ಕೇ ಪ್ರತಿ ವ್ಯವಹಾರಕ್ಕೂ ಎರಡು ನಮೂದು, ಎರಡೂ ಕಡೆ ಅದೇ ಮೊತ್ತ. ಆಮೇಲೆ ನನಗೆ ಗೊತ್ತಾಯಿತು, ಡೆಬಿಟ್ ಎಂಬ ಪದ ಲ್ಯಾಟಿನ್‌ನಲ್ಲಿ ಸಾಲ ತೀರಿಸಬೇಕು ಅನ್ನುವ ಅರ್ಥದ ಮೂಲದಿಂದ ಬಂದದ್ದು, ಕ್ರೆಡಿಟ್ ನಂಬು ಅನ್ನುವ ಅರ್ಥದ ಮೂಲದಿಂದ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಗಣಿತದ ಪುಸ್ತಕವೊಂದರಲ್ಲಿ ಲೂಕಾ ಪಾಚೋಲಿ ಎಂಬ ಸನ್ಯಾಸಿ ಈ ಪದ್ಧತಿಯನ್ನು ವಿವರಿಸುವ ಹೊತ್ತಿಗಾಗಲೇ ಅಲ್ಲಿನ ವ್ಯಾಪಾರಿಗಳು ಇದನ್ನು ಬಳಸುತ್ತಿದ್ದರು. ದೊಡ್ಡಪ್ಪ ಹೇಳಿದ ಆಳಿನ ಮಾತಿಗೂ ಆ ಪದಗಳ ಹಳೆಯ ಅರ್ಥಕ್ಕೂ ಎಷ್ಟು ಹತ್ತಿರ ನೋಡಿ.

ಬ್ಯಾಂಕ್ ಮೆಸೇಜಿನ ಗಂಟೂ ಅಲ್ಲೇ ಬಿಚ್ಚಿಕೊಂಡಿತು. ಅದು ಬ್ಯಾಂಕು ತನ್ನ ಪುಸ್ತಕದಲ್ಲಿ ಬರೆದುಕೊಂಡದ್ದು. ಅವರ ಪುಸ್ತಕದಲ್ಲಿ ಅಮ್ಮ ಕೊಟ್ಟವಳು, ಅದಕ್ಕೆ ಅಮ್ಮನ ಹೆಸರಿಗೆ ಕ್ರೆಡಿಟ್. ನಮ್ಮ ಪುಸ್ತಕದಲ್ಲಿ ಬ್ಯಾಂಕು ಪಡೆದವನು, ಅದಕ್ಕೆ ಬ್ಯಾಂಕಿನ ಹೆಸರಿಗೆ ಡೆಬಿಟ್. ವ್ಯವಹಾರ ಒಂದೇ, ಪುಸ್ತಕ ಎರಡು. ಮೊದಲು ಕೇಳಬೇಕಾದ ಪ್ರಶ್ನೆ ಇದು ಯಾರ ಪುಸ್ತಕ ಅನ್ನುವುದು.

"ಪುಸ್ತಕದ ಲೆಕ್ಕ ಬಿಡು, ನಿಮ್ಮಮ್ಮನ ಲೆಕ್ಕ ಬರಿ" ಅಂದರು ದೊಡ್ಡಪ್ಪ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವಳ ಹತ್ತಿರ ಇದ್ದದ್ದು ಅಳತೆ ಬರೆದುಕೊಳ್ಳುವ ಒಂದು ನೋಟ್‌ಬುಕ್, ಬಾಕಿ ಇದ್ದವರ ಹೆಸರಿನ ಮುಂದೆ ಒಂದು ಗೀಟು, ಮತ್ತೆ ದುಡ್ಡು ಹಾಕಿಡುವ ಒಂದು ಬಿಸ್ಕೆಟ್ ಡಬ್ಬಿ. ಜುಲೈ 1ರಿಂದ ಹತ್ತು ದಿನದ ಲೆಕ್ಕ ನಾನು ಬರೆಯುತ್ತೇನೆ ಅಂತ ಹೇಳಿದೆ.

ಮೊದಲ ನಮೂದಿನಲ್ಲೇ ಅಮ್ಮನ ಜೊತೆ ವಾದ ಆಯಿತು. ಆ ದಿನ ಡಬ್ಬಿಯಲ್ಲಿ 2,500 ರೂಪಾಯಿ ಇತ್ತು. ಹೊಲಿಗೆ ಮಷೀನಿಗೆ ಆಗಿನ ಬೆಲೆ 9,000 ಅಂತ ಹಿಡಿದೆವು. ದಾರ, ಲೈನಿಂಗ್ ಎಲ್ಲ ಖಾಲಿಯಾಗಿತ್ತು. ನಾನು ಬರೆದದ್ದು ಹೀಗೆ:

ನಗದು ಖಾತೆ, ಡೆಬಿಟ್: 2,500
ಮಷೀನು ಖಾತೆ, ಡೆಬಿಟ್: 9,000
ಬಂಡವಾಳ ಖಾತೆಗೆ, ಕ್ರೆಡಿಟ್: 11,500

"ಇದೇನು ಬಂಡವಾಳ? ಯಾರು ಕೊಟ್ರು?" ಅಂದಳು ಅಮ್ಮ.

"ನೀನೇ ಕೊಟ್ಟೆ ಅಮ್ಮ."

"ಯಾರಿಗೆ?"

"ನಿನ್ನ ಹೊಲಿಗೆ ಕೆಲಸಕ್ಕೆ."

ಅವಳಿಗೆ ಇದು ವಿಚಿತ್ರ ಅನಿಸಿತು. ನನಗೂ ಮೊದಲು ಹಾಗೇ ಅನಿಸಿತ್ತು. ಲೆಕ್ಕ ಬರೆಯುವಾಗ ಅಮ್ಮನನ್ನು ಇಬ್ಬರನ್ನಾಗಿ ಮಾಡಬೇಕು. ಒಬ್ಬಳು ಮನೆಯ ಅಮ್ಮ, ಇನ್ನೊಂದು ಅವಳ ಹೊಲಿಗೆ ವ್ಯವಹಾರ. ನಾವು ಬರೆಯುತ್ತಿರುವುದು ವ್ಯವಹಾರದ ಪುಸ್ತಕ. ಮನೆಯ ಅಮ್ಮ 11,500 ರೂಪಾಯಿಯಷ್ಟು ಕೊಟ್ಟಳು, ಹಾಗಾಗಿ ಅವಳಿಗೆ ಕ್ರೆಡಿಟ್. ಡಬ್ಬಿ ಮತ್ತು ಮಷೀನು ಅದನ್ನು ಪಡೆದವು, ಅವಕ್ಕೆ ಡೆಬಿಟ್. ವ್ಯವಹಾರ ಅಮ್ಮನಿಗೆ 11,500 ಕೊಡಬೇಕು ಅಂತ ಅರ್ಥ. "ನನ್ನ ದುಡ್ಡನ್ನ ನನಗೇ ಕೊಡಬೇಕಾ" ಅಂತ ಅಮ್ಮ ಎರಡು ಸಲ ಕೇಳಿದಳು. ಆದರೆ ಈ ಗೆರೆ ಎಳೆದದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು.

2ನೇ ತಾರೀಖು 1,200 ರೂಪಾಯಿಗೆ ಲೈನಿಂಗ್ ಬಟ್ಟೆ, ದಾರ, ಹುಕ್ಸ್ ತಂದಳು. ಹೊಲಿಗೆ ಸಾಮಗ್ರಿ ಪಡೆದದ್ದು, ಡಬ್ಬಿ ಕೊಟ್ಟದ್ದು. 3ನೇ ತಾರೀಖು ಒಬ್ಬರು ಎರಡು ಬ್ಲೌಸ್ ತೆಗೆದುಕೊಂಡು ಒಂದಕ್ಕೆ 350ರಂತೆ 700 ಕೊಟ್ಟರು. ಇಲ್ಲಿ ಡಬ್ಬಿ ಪಡೆಯಿತು. ಕೊಟ್ಟವರು ಯಾರು? ನಾನು ಗಿರಾಕಿ ಹೆಸರು ಬರೆಯಲು ಹೋದೆ. ದೊಡ್ಡಪ್ಪ ತಡೆದರು. ಅವರು ಬ್ಲೌಸ್ ತಗೊಂಡು ಕೈಯಲ್ಲೇ ದುಡ್ಡು ಕೊಟ್ಟು ಹೋದರು, ಅವರ ಜೊತೆ ಲೆಕ್ಕ ಮುಗಿದುಹೋಯ್ತು. ಈ 700 ತಂದುಕೊಟ್ಟದ್ದು ಅಮ್ಮನ ಹೊಲಿಗೆ. ಹಾಗಾಗಿ ಹೊಲಿಗೆ ಆದಾಯ ಖಾತೆಗೆ ಕ್ರೆಡಿಟ್. ಆದಾಯಕ್ಕೆ ಯಾಕೆ ಕ್ರೆಡಿಟ್ ಅನ್ನುವ ಮೂರನೇ ನಿಯಮ ನನಗೆ ಆಗ ಅರ್ಥವಾಯಿತು.

4ನೇ ತಾರೀಖು ಪಕ್ಕದ ಬೀದಿಯ ಟೀಚರ್ ಆಂಟಿ ಮೂರು ಬ್ಲೌಸ್ ಒಯ್ದರು. 1,050 ಆಯಿತು, ಸಂಬಳ ಆದಮೇಲೆ ಕೊಡ್ತೀನಿ ಅಂದರು. ಈಗ ಅವರ ಜೊತೆ ಲೆಕ್ಕ ಮುಗಿದಿಲ್ಲ. ಅವರ ಹೆಸರಿನಲ್ಲಿ ಒಂದು ಖಾತೆ ಬೇಕು. ಟೀಚರ್ ಆಂಟಿ ಖಾತೆಗೆ ಡೆಬಿಟ್ 1,050, ಹೊಲಿಗೆ ಆದಾಯಕ್ಕೆ ಕ್ರೆಡಿಟ್ 1,050. ದುಡ್ಡು ಒಂದು ರೂಪಾಯಿಯೂ ಬಂದಿಲ್ಲ, ಆದರೆ ಆದಾಯ ಆಗಿದೆ. ಅಮ್ಮನ ಹಳೆಯ ನೋಟ್‌ಬುಕ್ಕಿನಲ್ಲಿ ಇಂಥದ್ದು ಬರೀ ಒಂದು ಗೀಟಾಗಿ ಉಳಿಯುತ್ತಿತ್ತು. ಯಾರಾದರೂ ಅರ್ಧ ಕೊಟ್ಟರೆ ಆ ಗೀಟಿನ ಪಕ್ಕ ಏನು ಬರೆಯಬೇಕು ಅಂತ ಅವಳಿಗೆ ಗೊತ್ತಾಗುತ್ತಿರಲಿಲ್ಲ.

8ನೇ ತಾರೀಖು ಆಂಟಿ ಹಾಗೇ ಮಾಡಿದರು. ಸ್ಕ್ಯಾನ್ ಮಾಡಿ 600 ರೂಪಾಯಿ ಅಮ್ಮನ ಬ್ಯಾಂಕ್ ಖಾತೆಗೆ ಹಾಕಿದರು. ಬ್ಯಾಂಕಿಗೆ ಡೆಬಿಟ್ 600, ಆಂಟಿಗೆ ಕ್ರೆಡಿಟ್ 600. ಇಲ್ಲಿ ಮತ್ತೆ ಹೊಲಿಗೆ ಆದಾಯ ಅಂತ ಬರೆದರೆ ಅದೇ ಬ್ಲೌಸಿನ ದುಡ್ಡನ್ನು ಎರಡು ಸಲ ಆದಾಯ ಅಂತ ಎಣಿಸಿದ ಹಾಗೆ. ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಆಂಟಿ ಖಾತೆಯ ಎಡಗಡೆ 1,050, ಬಲಗಡೆ 600. ಶಿಲ್ಕು 450. ಅಮ್ಮ ಇದನ್ನು ನೋಡಿದ ಕೂಡಲೇ "ಇದು ಚೆನ್ನಾಗಿದೆ" ಅಂದಳು. ಇಡೀ ಲೆಕ್ಕದಲ್ಲಿ ಅವಳು ತಾನಾಗಿ ಒಪ್ಪಿದ ಮೊದಲ ಪುಟ ಅದು.

ಉಳಿದವು ಹೀಗಿದ್ದವು. 6ನೇ ತಾರೀಖು ಡಬ್ಬಿಯಿಂದ 540 ತೆಗೆದು ಮನೆಗೆ ತರಕಾರಿ, ಎಣ್ಣೆ ತಂದಳು. ಅದೇ ದಿನ ಬಟ್ಟೆ ಅಂಗಡಿಯಿಂದ 860 ರೂಪಾಯಿಯ ಲೈನಿಂಗ್ ಉದ್ರಿ ತಂದಳು. 7ನೇ ತಾರೀಖು ಮಷೀನಿನ ಬೆಲ್ಟು, ಬಾಬಿನ್ ಕೇಸು ರಿಪೇರಿಗೆ 300. 9ನೇ ತಾರೀಖು ಡಬ್ಬಿಯಿಂದ 1,500 ಬ್ಯಾಂಕಿಗೆ ಕಟ್ಟಿದಳು. ಇದು ಆದಾಯವೂ ಅಲ್ಲ, ಖರ್ಚೂ ಅಲ್ಲ, ಒಬ್ಬ ಆಳಿನ ಕೈಯಿಂದ ಇನ್ನೊಬ್ಬ ಆಳಿನ ಕೈಗೆ ಹೋದದ್ದು ಅಷ್ಟೇ.

ತರಕಾರಿಯ 540ನ್ನು ನಾನು ಮೊದಲು ತರಕಾರಿ ಖರ್ಚು ಅಂತ ಬರೆದಿದ್ದೆ. ಖರ್ಚಿಗೆ ಡೆಬಿಟ್, ನಿಯಮದ ಪ್ರಕಾರ ಸರಿ ಅಲ್ವಾ ಅಂತ. ಆದರೆ ಬ್ಲೌಸ್ ಹೊಲಿಯಲು ತರಕಾರಿ ಬೇಕಾಗಿಲ್ಲ. ಅದನ್ನು ಪಡೆದದ್ದು ಮನೆಯ ಅಮ್ಮ. ಮೊದಲ ದಿನ ಅವಳನ್ನು ಇಬ್ಬರನ್ನಾಗಿ ಮಾಡಿದ್ದು ಇಲ್ಲಿ ಕೆಲಸಕ್ಕೆ ಬಂತು. ಹಿಂಪಡೆತ ಖಾತೆ ಅಂತ ತೆರೆದು ಅದಕ್ಕೆ ಡೆಬಿಟ್ ಬರೆದೆ. ಮಾಲೀಕರು ತಮ್ಮ ಮನೆಗೆ ತೆಗೆದುಕೊಂಡದ್ದೆಲ್ಲ ಈ ಖಾತೆಗೆ ಹೋಗಬೇಕು. ಅಮ್ಮ ಯಾವಾಗಲೂ "ಎಷ್ಟು ಹೊಲಿದ್ರೂ ಡಬ್ಬೀಲಿ ದುಡ್ಡೇ ನಿಲ್ಲಲ್ಲ" ಅನ್ನುತ್ತಿದ್ದಳು. ಹೊಲಿಗೆಯಲ್ಲಿ ನಷ್ಟವೋ, ಮನೆಗೆ ಹೋಗ್ತಿದೆಯೋ ಅಂತ ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ. ಎರಡೂ ಒಂದೇ ಡಬ್ಬಿಯಿಂದ ಹೋಗುತ್ತಿತ್ತು.

ಇನ್ನು 5ನೇ ತಾರೀಖಿನ ವ್ಯವಹಾರ. ಮದುವೆ ಮನೆಯವರು ಬಂದು ಎಂಟು ಬ್ಲೌಸಿಗೆ ಬಟ್ಟೆ ಕೊಟ್ಟು 2,000 ರೂಪಾಯಿ ಅಡ್ವಾನ್ಸ್ ಕೊಟ್ಟರು. ನಾನು ಯೋಚನೆಯನ್ನೇ ಮಾಡದೆ ನಗದಿಗೆ ಡೆಬಿಟ್ 2,000, ಹೊಲಿಗೆ ಆದಾಯಕ್ಕೆ ಕ್ರೆಡಿಟ್ 2,000 ಅಂತ ಬರೆದೆ. ಅವತ್ತು ಯಾರೂ ಏನೂ ಹೇಳಲಿಲ್ಲ.

ಜರ್ನಲ್ ಮುಗಿದ ಮೇಲೆ ಲೆಡ್ಜರ್. ಜರ್ನಲ್ಲಿನಲ್ಲಿ ತಾರೀಖಿನ ಸಾಲು, ಲೆಡ್ಜರಿನಲ್ಲಿ ಒಂದೊಂದು ಹೆಸರಿಗೆ ಒಂದೊಂದು ಪುಟ. ದೊಡ್ಡಪ್ಪನ ಭಾಷೆಯಲ್ಲಿ ಕಿರ್ದಿಯಿಂದ ಖಾತೆಗೆ ಎತ್ತಿ ಬರೆಯುವುದು. ಜರ್ನಲ್ಲಿನಲ್ಲಿ ಎಲ್.ಎಫ್. ಅಂತ ಒಂದು ಸಣ್ಣ ಕಾಲಂ ಇರುತ್ತದೆ. ಆ ಸಾಲನ್ನು ಲೆಡ್ಜರಿನ ಯಾವ ಪುಟಕ್ಕೆ ಎತ್ತಿ ಬರೆದೆವೋ ಆ ಪುಟದ ನಂಬರ್ ಅಲ್ಲಿ ಹಾಕಬೇಕು. ತರಗತಿಯಲ್ಲಿ ಅದನ್ನು ಎಲ್ಲರೂ ಖಾಲಿ ಬಿಡುತ್ತೇವೆ. ದೊಡ್ಡಪ್ಪ ಬಿಡಲಿಲ್ಲ. ಎತ್ತಿ ಬರೆದ ಮೇಲೆಯೇ ನಂಬರ್ ಹಾಕಬೇಕು, ಮೊದಲೇ ಹಾಕಬಾರದು ಅಂದರು. ಮಧ್ಯೆ ಯಾರಾದರೂ ಕರೆದು ಎದ್ದು ಹೋದರೂ, ವಾಪಸ್ ಬಂದಾಗ ನಂಬರ್ ಇಲ್ಲದ ಸಾಲು ನೋಡಿದರೆ ಎಲ್ಲಿ ನಿಲ್ಲಿಸಿದ್ದೆವು ಅಂತ ಗೊತ್ತಾಗುತ್ತದೆ.

ಹತ್ತನೇ ದಿನ ರಾತ್ರಿ ಎಲ್ಲ ಖಾತೆಗಳ ಶಿಲ್ಕು ತೆಗೆದು ತಾಳೆಪಟ್ಟಿ ಮಾಡಿದೆ. ಅದೇ ಟ್ರಯಲ್ ಬ್ಯಾಲೆನ್ಸ್. ಎಡಗಡೆ ಕೂಡಿದರೆ 16,020. ಬಲಗಡೆ 16,110. ಎರಡು ಸಲ ಕೂಡಿದೆ, ಅಷ್ಟೇ ಬಂತು. 90 ರೂಪಾಯಿ ವ್ಯತ್ಯಾಸ.

ನನ್ನ ಮೊದಲ ಯೋಚನೆ ಜರ್ನಲ್ಲಿನ ಮೊದಲ ಸಾಲಿನಿಂದ ಎಲ್ಲ ಮತ್ತೆ ನೋಡುವುದು. ದೊಡ್ಡಪ್ಪ ಬೇರೆ ದಾರಿ ತೋರಿಸಿದರು. ಮೊದಲು 90 ರೂಪಾಯಿಯ ವ್ಯವಹಾರ ಯಾವುದಾದರೂ ಇದೆಯಾ ನೋಡು ಅಂದರು. ಇದ್ದರೆ ಅದರ ಒಂದು ಕಡೆ ಬರೆಯುವುದು ಬಿಟ್ಟುಹೋಗಿರಬಹುದು. ಇರಲಿಲ್ಲ. ಆಮೇಲೆ ಅದರ ಅರ್ಧ, 45. ಎಡಗಡೆ ಬರೆಯಬೇಕಾದ 45ನ್ನು ಬಲಗಡೆ ಬರೆದಿದ್ದರೆ ವ್ಯತ್ಯಾಸ ಅದರ ಎರಡರಷ್ಟು ಬರುತ್ತದೆ. 45ರ ವ್ಯವಹಾರವೂ ಇರಲಿಲ್ಲ. "ಒಂಬತ್ತರಿಂದ ಭಾಗ ಹೋಗುತ್ತಾ ನೋಡು" ಅಂದರು. ಹೋಗುತ್ತೆ, ಹತ್ತು ಸಲ. "ಹಂಗಾದ್ರೆ ಅಂಕಿ ಹಿಂದುಮುಂದು ಆಗಿರ್ಬೇಕು."

ಇದು ಯಾಕೆ ಹೀಗೆ ಅಂತ ನಾನು ಕೂತು ಲೆಕ್ಕ ಹಾಕಿದೆ. ಒಂದು ಸಂಖ್ಯೆಯಲ್ಲಿ ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕ. 54 ಮತ್ತು 45, ವ್ಯತ್ಯಾಸ 9. 82 ಮತ್ತು 28, ವ್ಯತ್ಯಾಸ 54. ನಮ್ಮದು 90, ಅಂದರೆ ಒಂಬತ್ತರ ಹತ್ತರಷ್ಟು. ಹಾಗಾಗಿ ಅದಲುಬದಲಾದದ್ದು ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳು, ಅವುಗಳ ನಡುವೆ ಒಂದರ ಅಂತರ ಇರಬೇಕು. ಕಡಿಮೆ ಬಂದಿರುವುದು ಡೆಬಿಟ್ ಕಡೆ. ನಾನು ಡೆಬಿಟ್ ಕಡೆಯ ಮೊತ್ತಗಳಲ್ಲಿ ಹುಡುಕಿದೆ. ಎರಡೇ ಸಿಕ್ಕವು. ಬ್ಯಾಂಕಿನ 2,100, ಅದು 2,010 ಆಗಿದ್ದಿರಬಹುದು. ತರಕಾರಿಯ 540, ಅದು 450 ಆಗಿದ್ದಿರಬಹುದು. ಹಿಂಪಡೆತದ ಪುಟ ತೆಗೆದೆ. ಜರ್ನಲ್ಲಿನಲ್ಲಿ 540 ಇದೆ, ಲೆಡ್ಜರಿನಲ್ಲಿ 450 ಅಂತ ಬರೆದಿದ್ದೇನೆ. ಎರಡು ಪುಟ ನೋಡುವ ಬದಲು ಇಡೀ ಪುಸ್ತಕ ತಿರುವಿಹಾಕುವವಳಿದ್ದೆ.

ಈ ಉಪಾಯಕ್ಕೂ ಮಿತಿ ಇದೆ. ತಪ್ಪು ಒಂದೇ ಇದ್ದರೆ ಮಾತ್ರ ಇದು ನೇರವಾಗಿ ದಾರಿ ತೋರಿಸುತ್ತದೆ. ಎರಡು ಮೂರು ತಪ್ಪು ಸೇರಿ ಬಂದ ವ್ಯತ್ಯಾಸ ಒಂಬತ್ತರಿಂದ ಭಾಗವಾದರೂ ಅದರಿಂದ ಏನೂ ತಿಳಿಯುವುದಿಲ್ಲ. ಕೂಡುವುದರಲ್ಲೇ ತಪ್ಪಾಗಿಯೂ ಒಮ್ಮೊಮ್ಮೆ ಒಂಬತ್ತರ ಗುಣಕ ಬಂದುಬಿಡುತ್ತದೆ. ಅದಕ್ಕೇ ಮೊದಲು ಎರಡು ಸಲ ಕೂಡಿ ನೋಡಬೇಕು.

540 ಅಂತ ತಿದ್ದಿದ ಮೇಲೆ ಎರಡೂ ಕಡೆ 16,110. ನನಗೆ ಎಷ್ಟು ಖುಷಿಯಾಯಿತು ಅಂದರೆ ಅಡುಗೆಮನೆಗೆ ಓಡಿಹೋಗಿ ಅಮ್ಮನಿಗೆ ತೋರಿಸಿದೆ. ದೊಡ್ಡಪ್ಪ ಮಾತ್ರ "ಡಬ್ಬಿ ತಗೊಂಡು ಬಾ" ಅಂದರು.

ಪುಸ್ತಕದ ಪ್ರಕಾರ ಡಬ್ಬಿಗೆ ಬಂದದ್ದು 5,200, ಹೋದದ್ದು 3,540. ಇರಬೇಕಾದದ್ದು 1,660. ಎಣಿಸಿದೆವು. 1,610 ಇತ್ತು. ಮತ್ತೆ ಎಣಿಸಿದೆವು, ಅಷ್ಟೇ. ಮಂಡಿಯಲ್ಲಿ ಪೆಟ್ಟಿಗೆಯ ದುಡ್ಡಿಗೂ ಕಿರ್ದಿಯ ಶಿಲ್ಕಿಗೂ ತಾಳೆಯಾಗದೆ ಗುಮಾಸ್ತರು ಮನೆಗೆ ಹೋಗುವ ಹಾಗಿರಲಿಲ್ಲವಂತೆ. ಐವತ್ತು ರೂಪಾಯಿ ಎಲ್ಲಿ ಹೋಯಿತು ಅಂತ ಮೂವರೂ ಯೋಚಿಸಿದೆವು. ಅಮ್ಮನಿಗೆ ನೆನಪಾಯಿತು. "ಸೋಮವಾರ ನಿನಗೇ ಕೊಟ್ಟೆನಲ್ಲೇ, ಜೆರಾಕ್ಸ್ ಮಾಡಿಸಬೇಕು ಅಂತ ಕೇಳಿದ್ದಕ್ಕೆ."

ಹೌದು, ತೆಗೆದುಕೊಂಡಿದ್ದೆ. ನಾನೇ ತೆಗೆದುಕೊಂಡ ದುಡ್ಡನ್ನು ನಾನೇ ಬರೆದಿರಲಿಲ್ಲ. ಹಿಂಪಡೆತಕ್ಕೆ ಡೆಬಿಟ್ 50, ನಗದಿಗೆ ಕ್ರೆಡಿಟ್ 50 ಅಂತ ಬರೆದೆ. ಹಿಂಪಡೆತ 590 ಆಯಿತು, ನಗದು 1,610 ಆಯಿತು. ಎರಡೂ ಡೆಬಿಟ್ ಶಿಲ್ಕಿನ ಖಾತೆಗಳೇ ಆದ್ದರಿಂದ ತಾಳೆಪಟ್ಟಿಯ ಮೊತ್ತ ಒಂದು ರೂಪಾಯಿಯೂ ಬದಲಾಗಲಿಲ್ಲ. ಬರೆಯುವ ಮೊದಲೂ 16,110, ಬರೆದ ಮೇಲೂ 16,110. ಪೂರ್ತಿಯಾಗಿ ಬಿಟ್ಟುಹೋದ ವ್ಯವಹಾರ ತಾಳೆಪಟ್ಟಿಯ ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಹಿಡಿಯುವುದು ಡಬ್ಬಿ ಎಣಿಸಿದಾಗ ಮಾತ್ರ.

ಎಲ್ಲ ಮುಗಿಯಿತು ಅಂದುಕೊಂಡಾಗ ಅಮ್ಮ ಲೆಡ್ಜರಿನಲ್ಲಿ ಹೊಲಿಗೆ ಆದಾಯದ ಪುಟ ನೋಡುತ್ತಿದ್ದಳು. 3,750 ಅಂತ ಇತ್ತು.

"ನಾನು ಇಷ್ಟು ಹೊಲಿದಿಲ್ವಲ್ಲೇ" ಅಂದಳು. "ಎರಡು, ಆಮೇಲೆ ಟೀಚರ್‌ದು ಮೂರು. ಐದೇ ಬ್ಲೌಸು. ಮುನ್ನೂರೈವತ್ತರ ಲೆಕ್ಕದಲ್ಲಿ ಸಾವಿರದ ಏಳ್ನೂರೈವತ್ತು."

"ಮದುವೆ ಮನೆಯವರು ಎರಡು ಸಾವಿರ ಕೊಟ್ರಲ್ಲಮ್ಮ."

"ಅವರ ಬ್ಲೌಸಿಗೆ ಇನ್ನೂ ಕತ್ತರಿ ಸಹ ಹಾಕಿಲ್ಲ. ನಾಳೆ ಮದುವೆ ಮುಂದಕ್ಕೆ ಹೋಗಿ ಬೇಡ ಅಂದ್ರೆ ವಾಪಸ್ ಕೊಡ್ಬೇಕು. ಅದು ಹೆಂಗೆ ನನ್ನ ದುಡಿಮೆ ಆಗುತ್ತೆ?"

ದೊಡ್ಡಪ್ಪ ಏನೂ ಹೇಳಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಅವರಿಗೆ ಮೊದಲೇ ಗೊತ್ತಿತ್ತು ಅಂತ ನನಗನಿಸಿತು. ನಾನೇ ಕಂಡುಕೊಳ್ಳಲಿ ಅಂತ ಬಿಟ್ಟಿದ್ದರು. ಆದರೆ ಕಂಡುಕೊಂಡದ್ದು ಅಕೌಂಟೆನ್ಸಿ ಒಂದು ಪುಟವೂ ಓದದ ಅಮ್ಮ.

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. 2,000 ಕೊಟ್ಟದ್ದು ಅವಳ ಹೊಲಿಗೆ ಅಲ್ಲ, ಮದುವೆ ಮನೆಯವರು. ಟೀಚರ್ ಆಂಟಿ ನಮಗೆ ಕೊಡಬೇಕು, ಮದುವೆ ಮನೆಯವರಿಗೆ ನಾವು ಕೊಡಬೇಕು. ಬ್ಲೌಸನ್ನಾದರೂ ಕೊಡಬೇಕು, ದುಡ್ಡನ್ನಾದರೂ ಕೊಡಬೇಕು. ಇನ್ನೊಂದು ಹೊಸ ಖಾತೆ ಬೇಕಾಯಿತು, ಗಿರಾಕಿ ಮುಂಗಡ. ಬರೆದದ್ದನ್ನು ಹೊಡೆದುಹಾಕಲು ಹೋದರೆ ದೊಡ್ಡಪ್ಪ ಕೈ ಹಿಡಿದುಕೊಂಡರು. ಲೆಕ್ಕದ ಪುಸ್ತಕದಲ್ಲಿ ಹೀಗೆ ತಪ್ಪು ಖಾತೆಗೆ ಹೋದದ್ದನ್ನು ಅಳಿಸುವುದಿಲ್ಲ, ಇನ್ನೊಂದು ನಮೂದಿನಿಂದ ಸರಿಪಡಿಸುತ್ತಾರೆ. ಹೊಲಿಗೆ ಆದಾಯಕ್ಕೆ ಡೆಬಿಟ್ 2,000, ಗಿರಾಕಿ ಮುಂಗಡಕ್ಕೆ ಕ್ರೆಡಿಟ್ 2,000. ಕೆಳಗೆ ಒಂದು ಸಾಲು ವಿವರ: ಜುಲೈ 5ರಂದು ಪಡೆದ ಮುಂಗಡವನ್ನು ಆದಾಯವೆಂದು ಬರೆದದ್ದನ್ನು ಸರಿಪಡಿಸಿದೆ.

ಆಮೇಲೆ ಮಾಡಿದ ತಾಳೆಪಟ್ಟಿ ಇದು.

| ಖಾತೆ | ಡೆಬಿಟ್ | ಕ್ರೆಡಿಟ್ |
|---|---|---|
| ನಗದು | 1,610 | |
| ಬ್ಯಾಂಕು | 2,100 | |
| ಮಷೀನು | 9,000 | |
| ಹೊಲಿಗೆ ಸಾಮಗ್ರಿ | 2,060 | |
| ಟೀಚರ್ ಆಂಟಿ | 450 | |
| ಹಿಂಪಡೆತ | 590 | |
| ರಿಪೇರಿ | 300 | |
| ಬಂಡವಾಳ | | 11,500 |
| ಹೊಲಿಗೆ ಆದಾಯ | | 1,750 |
| ಗಿರಾಕಿ ಮುಂಗಡ | | 2,000 |
| ಬಟ್ಟೆ ಅಂಗಡಿ | | 860 |
| ಒಟ್ಟು | 16,110 | 16,110 |

ಮೊತ್ತ ಮತ್ತೆ ಅದೇ 16,110. ತಪ್ಪಾಗಿದ್ದಾಗಲೂ ತಾಳೆಯಾಗಿತ್ತು, ಸರಿಯಾದ ಮೇಲೂ ತಾಳೆಯಾಗಿದೆ. ಒಂದು ಕ್ರೆಡಿಟ್ ಬೇರೆ ಹೆಸರಿನ ಕ್ರೆಡಿಟ್ಟಿಗೆ ಹೋಗಿ ಕೂತರೆ ಈ ಪಟ್ಟಿಗೆ ಏನೂ ಗೊತ್ತಾಗುವುದಿಲ್ಲ. ತರಕಾರಿಯನ್ನು ನಾನು ಖರ್ಚು ಅಂತಲೇ ಬಿಟ್ಟಿದ್ದರೂ ಹೀಗೇ ತಾಳೆಯಾಗುತ್ತಿತ್ತು. ಅಂಥ ತಪ್ಪನ್ನು ಹಿಡಿಯಲು ಅಮ್ಮ ಮಾಡಿದ ಹಾಗೆ ಎಷ್ಟು ಬ್ಲೌಸು ಅಂತ ಎಣಿಸಬೇಕು.

ಹತ್ತು ದಿನದಲ್ಲಿ ಎಷ್ಟು ಉಳಿಯಿತು ಅಂತ ಅಮ್ಮ ಕೇಳಿದಳು. ನಾನು ಆದಾಯ 1,750ರಲ್ಲಿ ಸಾಮಗ್ರಿ 2,060, ರಿಪೇರಿ 300 ಕಳೆದೆ. 610 ರೂಪಾಯಿ ನಷ್ಟ ಅಂತ ಬಂತು. ಅವಳ ಮುಖ ಸಣ್ಣದಾಯಿತು. ಆದರೆ ತಂದ ಲೈನಿಂಗು, ದಾರ ಪೂರ್ತಿ ಖರ್ಚಾಗಿಲ್ಲ. ಕಪಾಟಿನಲ್ಲಿ ಉಳಿದದ್ದನ್ನು ಅಳೆದು ಬೆಲೆ ಕಟ್ಟಿದೆವು, 1,400 ರೂಪಾಯಿಯದು ಇತ್ತು. ಅಂದರೆ ಬಳಸಿದ್ದು 660ರದು ಮಾತ್ರ. 1,750ರಲ್ಲಿ 660, 300 ಕಳೆದರೆ 790 ಲಾಭ. ಉಳಿದ ಸರಕನ್ನು ಲೆಕ್ಕಕ್ಕೆ ತರದಿದ್ದರೆ ಲಾಭವೇ ನಷ್ಟವಾಗಿ ಕಾಣುತ್ತದೆ. ಮಷೀನಿನ ಸವಕಳಿ, ಕರೆಂಟು ಇದರಲ್ಲಿ ಇನ್ನೂ ಸೇರಿಲ್ಲ, ಅದು ಮುಂದಿನ ಅಧ್ಯಾಯದ ಪಾಠ. ಡಬ್ಬಿಯಿಂದ ಮನೆಗೆ ಹೋದದ್ದು 590. ಅಮ್ಮ ಎರಡು ಸಂಖ್ಯೆಯನ್ನೂ ಅಳತೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪಕ್ಕಪಕ್ಕ ಬರೆದುಕೊಂಡಳು.

ತಿಂಗಳ ಕೊನೆಗೆ ಮದುವೆ ಮನೆಯವರು ಎಂಟು ಬ್ಲೌಸ್ ತೆಗೆದುಕೊಂಡು ಹೋದರು. 350ರಂತೆ 2,800 ಆಯಿತು. ಮುಂಗಡ ಕಳೆದು 800 ಕೊಟ್ಟರು. ಅವತ್ತು ರಾತ್ರಿ ನಾನು ಮೂರು ಸಾಲಿನ ನಮೂದು ಬರೆದೆ:

ಗಿರಾಕಿ ಮುಂಗಡ ಖಾತೆ, ಡೆಬಿಟ್: 2,000
ನಗದು ಖಾತೆ, ಡೆಬಿಟ್: 800
ಹೊಲಿಗೆ ಆದಾಯ ಖಾತೆಗೆ, ಕ್ರೆಡಿಟ್: 2,800

ಅಮ್ಮ ಪಕ್ಕದಲ್ಲಿ ಕೂತು ಬ್ಲೌಸಿಗೆ ಹುಕ್ಸ್ ಹಾಕುತ್ತಿದ್ದಳು. ನಾನು ಲೆಡ್ಜರಿನಲ್ಲಿ ಮುಂಗಡದ ಪುಟ ತೆಗೆದು ಎಡಗಡೆ 2,000 ಬರೆದು, ಎರಡೂ ಕಡೆ ಮೊತ್ತದ ಕೆಳಗೆ ಜೋಡಿ ಗೆರೆ ಎಳೆದೆ. ಅವಳು ದಾರ ಹಲ್ಲಿನಲ್ಲಿ ಕಡಿದು ಬಗ್ಗಿ ನೋಡಿದಳು.

"ಈಗ ಆ ಎರಡು ಸಾವಿರ ನಂದಾ?"

"ಈಗ ನಿಂದೇ ಅಮ್ಮ" ಅಂದೆ.